ಹಳದಿ ಉಳಿದರೆ ಆಮ್ಲವೇ?

ವೀಕ್ಷಣಾ ಪಾಠಕ್ಕೆ ನಾನು ಆರಿಸಿಕೊಂಡದ್ದು ಏಳನೇ ತರಗತಿಗೆ ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠ. ಪಾಠಯೋಜನೆಯಲ್ಲಿ ‘ವಿದ್ಯಾರ್ಥಿಯು ಸೂಚಕದ ನೆರವಿನಿಂದ ದ್ರಾವಣವನ್ನು ಗುರುತಿಸುವನು’ ಎಂಬ ಉದ್ದೇಶ ಬರೆದ ಮೇಲೆ ಒಂದು ಪ್ರಶ್ನೆ ಎದುರಾಯಿತು. ಹಿಂದಿನ ಬೆಂಚಿನಲ್ಲಿ ಕುಳಿತ ವೀಕ್ಷಕರಿಗೆ ಇದು ಯಾವುದರಲ್ಲಿ ಕಾಣಬೇಕು? ತರಗತಿಯೆಲ್ಲ ಒಟ್ಟಿಗೆ ‘ಹೌದು ಟೀಚರ್’ ಎಂದರೆ ಒಬ್ಬೊಬ್ಬರ ಕಲಿಕೆಗೆ ಅದು ಪುರಾವೆಯಲ್ಲ.

ಚಟುವಟಿಕೆಯನ್ನು ಮುಂಚಿತವಾಗಿ ಮಾಡಿ ನೋಡಿದೆ. ಅರಿಶಿನದ ಕಾಗದ ಸುಣ್ಣದ ತಿಳಿನೀರಿನಲ್ಲಿ ಕೆಂಪಾಯಿತು. ನಿಂಬೆರಸದಲ್ಲೂ ಬರೀ ನೀರಿನಲ್ಲೂ ಹಳದಿಯಾಗಿಯೇ ಉಳಿಯಿತು. ಅಂದರೆ ಅರಿಶಿನ ಪ್ರತ್ಯಾಮ್ಲವನ್ನು ತೋರಿಸಿಕೊಡುತ್ತದೆ, ಆಮ್ಲವನ್ನು ತಟಸ್ಥ ದ್ರಾವಣದಿಂದ ಬೇರ್ಪಡಿಸುವುದಿಲ್ಲ. ‘ಹಳದಿ ಉಳಿದಿದೆ, ಹಾಗಾದರೆ ಆಮ್ಲ’ ಎಂದು ಮಕ್ಕಳು ತಪ್ಪುವ ಜಾಗ ಇದೇ. ಅದಕ್ಕೆ ಕೆಂಪು ದಾಸವಾಳದ ರಸವನ್ನೂ ಸೇರಿಸಿಕೊಂಡೆ. ಅದು ಆಮ್ಲದಲ್ಲಿ ಕಡು ಗುಲಾಬಿಯಾಗುತ್ತದೆ, ಪ್ರತ್ಯಾಮ್ಲದಲ್ಲಿ ಹಸಿರಾಗುತ್ತದೆ.

40 ನಿಮಿಷದ ಅವಧಿಯಲ್ಲಿ ಕೊನೆಯ 10 ನಿಮಿಷವನ್ನು ಮೌಲ್ಯಮಾಪನಕ್ಕೆ ಇಟ್ಟೆ. ಪ್ರತಿ ವಿದ್ಯಾರ್ಥಿಗೂ ಒಂದು ಚೀಟಿ: ‘ಒಂದು ದ್ರಾವಣದಲ್ಲಿ ಅರಿಶಿನದ ಕಾಗದ ಹಳದಿಯಾಗಿಯೇ ಇದೆ. ಅದು ಏನಿರಬಹುದು? ಮುಂದೆ ಏನು ಮಾಡಿ ನೋಡುವೆ?’ ಯೋಜನೆಯ ಪಕ್ಕದ ಅಂಕಣದಲ್ಲಿ ನಿರೀಕ್ಷಿತ ಉತ್ತರ ಬರೆದೆ: ‘ಆಮ್ಲ ಅಥವಾ ತಟಸ್ಥ, ದಾಸವಾಳದ ರಸ ಹಾಕಿ ನೋಡುವೆ.’ ಅದರ ಕೆಳಗೆ ಇನ್ನೊಂದು ಸಾಲು: ‘ಆಮ್ಲ’ ಎಂದಷ್ಟೇ ಬರೆದವರು ಹೆಚ್ಚಿದ್ದರೆ, ನಿಂಬೆರಸ ಮತ್ತು ನೀರಿಗೆ ಅಕ್ಕಪಕ್ಕದಲ್ಲೇ ದಾಸವಾಳದ ರಸ ಹಾಕಿ ತೋರಿಸುವುದು, ಗೃಹಪಾಠದ ವಿವರಣೆಯನ್ನು ಮುಂದಿನ ತರಗತಿಗೆ ಬಿಡುವುದು.

ವೀಕ್ಷಕರ ಪ್ರತಿಯಲ್ಲಿ ಈ ಎರಡು ಸಾಲುಗಳಿಗೆ ಗೆರೆ ಎಳೆದಿದ್ದೇನೆ. ಚೀಟಿಗಳನ್ನು ಪಾಠ ಮುಗಿದ ಕೂಡಲೇ ಅವರ ಕೈಗೆ ಕೊಡುವೆ.