ದೊಡ್ಡಪ್ಪನ ಲಾಕರ್, ಅಮ್ಮನ ಒಪ್ಪಂದ

ಸೊರಬದ ದೊಡ್ಡಮ್ಮ ಫೋನ್ ಮಾಡಿದಾಗ ನಾನು ಶಿಕಾರಿಪುರದ ಮನೆಯಲ್ಲಿದ್ದೆ. "ಬ್ಯಾಂಕಿಂದ ಒಂದು ಕಾಗ್ದ ಬಂದೈತೆ ಕಣೇ, ಲಾಕರ್ ಒಡೀತೀವಿ ಅಂತ ಬರ್ದಂಗೈತೆ" ಅಂದರು. ಕಾಗದ ಅವರಿಗೆ ನೇರವಾಗಿ ಬಂದಿರಲಿಲ್ಲ. ಆನವಟ್ಟಿ ಹತ್ತಿರದ ಹಳೇ ಮನೆಗೆ ಹೋಗಿತ್ತು, ಪಕ್ಕದ ಮನೆಯವರು ಪುಣ್ಯಕ್ಕೆ ತಂದುಕೊಟ್ಟಿದ್ದರು. ಲಾಕರ್ ದೊಡ್ಡಪ್ಪನ ಒಬ್ಬರದೇ ಹೆಸರಲ್ಲಿತ್ತು. ಅವರು ತೀರಿಕೊಂಡು ನಾಲ್ಕು ವರ್ಷ ಆಗಿತ್ತು.

ಅಮ್ಮನಿಗೂ ಒಂದು ಲಾಕರ್ ಇದೆ. 2023ರಲ್ಲಿ ಬ್ಯಾಂಕಿನವರು ಹೊಸ ಒಪ್ಪಂದಕ್ಕೆ ಸಹಿ ಹಾಕಿ ಅಂದಾಗ ಓದದೇ ಹಾಕಿ ಬಂದಿದ್ದರು. ಆಗ ಕೊಟ್ಟ ಪ್ರತಿ ಬೀರುವಿನಲ್ಲಿ ಸೀರೆಯ ಕೆಳಗೆ ಇತ್ತು. ಬ್ಯಾಂಕ್ ಬೇರೆಯಾದರೂ ಎಲ್ಲ ಬ್ಯಾಂಕುಗಳ ಒಪ್ಪಂದಕ್ಕೂ ತಳಹದಿ ಒಂದೇ, ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಸೂಚನೆಗಳು. ಹಾಗಾಗಿ ದೊಡ್ಡಮ್ಮನ ಕಾಗದ ಅರ್ಥವಾಗಲಿ ಅಂತ ಅಮ್ಮನ ಒಪ್ಪಂದ ಬಿಚ್ಚಿ ಕೂತೆ.

ಮೊದಲು ಬಾಡಿಗೆ. ಅಮ್ಮನದು ಸಣ್ಣ ಲಾಕರ್, ವರ್ಷಕ್ಕೆ 1,500 ರೂಪಾಯಿ, ಜಿಎಸ್‌ಟಿ ಬೇರೆ. ಖಾತೆಯಿಂದ ತಾನಾಗೇ ಕಟ್ ಆಗುತ್ತದೆ. ಇದನ್ನು ನಾವು ಬರೀ ಖರ್ಚು ಅಂದುಕೊಂಡಿರುತ್ತೇವೆ. ಆದರೆ ಬ್ಯಾಂಕಿನ ಹೊಣೆ ಎಷ್ಟು ಅಂತ ಅಳೆಯುವ ಕೋಲೂ ಇದೇ. ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ಮೋಸದಿಂದ ಲಾಕರ್‌ನಲ್ಲಿದ್ದದ್ದು ಹೋದರೆ ಬ್ಯಾಂಕ್ ಕೊಡಬೇಕಾದ್ದು ವಾರ್ಷಿಕ ಬಾಡಿಗೆಯ ನೂರು ಪಟ್ಟು. ಅಂದರೆ ಅಮ್ಮನಿಗೆ ಒಂದೂವರೆ ಲಕ್ಷ.

"ಅಷ್ಟೇನಾ?" ಅಂದರು ಅಮ್ಮ. ಅವರ ಹತ್ತಿರ ಇರೋದು ಸುಮಾರು 120 ಗ್ರಾಂ. ಗ್ರಾಂಗೆ ಹತ್ತು ಸಾವಿರ ಅಂತ ಇಟ್ಟುಕೊಂಡರೂ ಹನ್ನೆರಡು ಲಕ್ಷ ಆಗುತ್ತೆ.

ಅಮ್ಮನ ತಲೆಯಲ್ಲಿ ನ್ಯಾಮತಿ ಇತ್ತು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕೆಜಿಗೂ ಹೆಚ್ಚು ಚಿನ್ನ ಕಳುವಾದಾಗ ನಮ್ಮ ಕಡೆ ಯಾರಿಗೂ ನಿದ್ದೆ ಇರಲಿಲ್ಲ. ಆದರೆ ಅದು ಸಾಲಕ್ಕೆ ಅಡವಿಟ್ಟ ಚಿನ್ನ. ಅಡವಿಟ್ಟದ್ದನ್ನು ಬ್ಯಾಂಕ್ ತೂಕ ಹಾಕಿ, ಬರೆದುಕೊಂಡು, ತನ್ನ ವಶದಲ್ಲಿ ಇಟ್ಟುಕೊಳ್ಳುತ್ತದೆ. ಲಾಕರ್‌ನಲ್ಲಿ ನೀವು ಏನಿಟ್ಟಿದ್ದೀರಿ ಅಂತ ಅದಕ್ಕೆ ಗೊತ್ತೇ ಇರುವುದಿಲ್ಲ, ಕೇಳುವುದೂ ಇಲ್ಲ. ಅದಕ್ಕೇ ಪರಿಹಾರಕ್ಕೆ ಚಿನ್ನದ ಬೆಲೆಯ ಬದಲು ಬಾಡಿಗೆಯ ಲೆಕ್ಕ.

ಭೂಕಂಪ, ಪ್ರವಾಹ, ಸಿಡಿಲಿನಂಥ ನೈಸರ್ಗಿಕ ವಿಕೋಪಕ್ಕೆ ಆ ನೂರು ಪಟ್ಟೂ ಇಲ್ಲ. ಬ್ಯಾಂಕ್ ಮುನ್ನೆಚ್ಚರಿಕೆ ತೆಗೆದುಕೊಂಡಿರಬೇಕು, ಅಷ್ಟೇ. ನಮ್ಮ ಕಡೆಯ ಮಳೆಗಾಲ ನೆನೆಸಿಕೊಂಡು, ಲಾಕರ್ ಕೋಣೆ ನೆಲಮಾಳಿಗೆಯಲ್ಲಿದೆಯಾ ಅಂತ ಅಮ್ಮನನ್ನು ಕೇಳಿದೆ. ಇಲ್ಲವಂತೆ. ಒಳಗಿನ ವಸ್ತುಗಳಿಗೆ ಬ್ಯಾಂಕ್ ವಿಮೆ ಮಾರುವ ಹಾಗಿಲ್ಲ. ಬೇಕಿದ್ದರೆ ನಾವೇ ಹೊರಗೆ ಮಾಡಿಸಬೇಕು, ಅದಕ್ಕೆ ಬಿಲ್ಲು, ಫೋಟೋ, ತೂಕದ ಪಟ್ಟಿ ಬೇಕು. ಅಮ್ಮನ ಹತ್ತಿರ ಮೂರೂ ಇರಲಿಲ್ಲ.

ಇನ್ನು ಒಡೆಯುವ ಷರತ್ತು. ಇಲ್ಲಿ ನಿಧಾನಕ್ಕೆ ಓದಿದೆ. ಸತತ ಮೂರು ವರ್ಷ ಬಾಡಿಗೆ ಬರದಿದ್ದರೆ ಬ್ಯಾಂಕ್ ಲಾಕರ್ ಒಡೆಯಬಹುದು. ಅದಕ್ಕೂ ಮುಂಚೆ ಪತ್ರ ಬರೆಯಬೇಕು, ಮೆಸೇಜು, ಇಮೇಲ್ ಕಳಿಸಬೇಕು. ಪತ್ರ ವಾಪಸ್ ಬಂದರೆ ಅಥವಾ ಗ್ರಾಹಕರು ಸಿಗದೇ ಹೋದರೆ ಒಂದು ಇಂಗ್ಲಿಷ್, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ನೋಟಿಸ್ ಹಾಕಬೇಕು. ಒಡೆಯುವಾಗ ಬ್ಯಾಂಕ್ ಅಧಿಕಾರಿ, ಇಬ್ಬರು ಸ್ವತಂತ್ರ ಸಾಕ್ಷಿಗಳು ಇರಬೇಕು, ವಿಡಿಯೋ ಆಗಬೇಕು, ಸಿಕ್ಕಿದ್ದನ್ನು ಪಟ್ಟಿ ಮಾಡಿ ಸೀಲು ಹಾಕಿ ಬೆಂಕಿ ತಾಗದ ತಿಜೋರಿಯಲ್ಲಿ ಇಡಬೇಕು. ಇನ್ನೊಂದು ಷರತ್ತು ಬಹಳ ಜನರಿಗೆ ಗೊತ್ತಿಲ್ಲ: ಬಾಡಿಗೆ ಸರಿಯಾಗಿ ಕಟ್ಟುತ್ತಿದ್ದರೂ ಏಳು ವರ್ಷ ಲಾಕರ್ ತೆರೆಯದೇ, ಗ್ರಾಹಕರೂ ಪತ್ತೆಯಾಗದಿದ್ದರೆ ಬ್ಯಾಂಕ್ ಅದನ್ನು ಒಡೆದು ನಾಮಿನಿಗೋ ವಾರಸುದಾರರಿಗೋ ಕೊಡಬಹುದು, ಇಲ್ಲವೇ ವಿಲೇವಾರಿ ಮಾಡಬಹುದು.

ಈ ನಿಯಮಗಳು ಸುಮ್ಮನೆ ಬಂದಿದ್ದಲ್ಲ. ಕೋಲ್ಕತ್ತಾದ ಅಮಿತಾಭ ದಾಸ್‌ಗುಪ್ತಾ ಎಂಬುವರ ಲಾಕರನ್ನು 1994ರಲ್ಲಿ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ಸರಿಯಾದ ನೋಟಿಸ್ ಇಲ್ಲದೆ ಒಡೆದಿತ್ತು, ಆಮೇಲೆ ಬೇರೆಯವರಿಗೆ ಕೊಟ್ಟಿತ್ತು. ಬಾಕಿ ಬಾಡಿಗೆ ಅವರು ಆಗಲೇ ಕಟ್ಟಿದ್ದರು. ಏಳು ಒಡವೆ ಇತ್ತು ಅಂದರು, ಎರಡು ಮಾತ್ರ ವಾಪಸ್ ಸಿಕ್ಕಿತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಐದು ಲಕ್ಷ ಪರಿಹಾರ ಕೊಡಿಸಿ, ಆರು ತಿಂಗಳಲ್ಲಿ ನಿಯಮ ಮಾಡಿ ಅಂತ ರಿಸರ್ವ್ ಬ್ಯಾಂಕಿಗೆ ಹೇಳಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಮೋಹನ ಶಾಂತನಗೌಡರ್, ನಮ್ಮ ಪಕ್ಕದ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನವರು. ಎರಡು ತಿಂಗಳ ನಂತರ ಅವರು ತೀರಿಕೊಂಡರು.

ಮರುದಿನ ಶಿರಾಳಕೊಪ್ಪದ ಮೇಲೆ ಬಸ್ ಹಿಡಿದು ಸೊರಬಕ್ಕೆ ಹೋದೆ. ದೊಡ್ಡಮ್ಮ ಬೀಗದ ಕೈ ಸೆರಗಿನ ಗಂಟಿನಲ್ಲೇ ಇಟ್ಟುಕೊಂಡಿದ್ದರು. ಸಾವಿನ ಸುದ್ದಿ ಬ್ಯಾಂಕಿಗೆ ಯಾಕೆ ತಿಳಿಸಲಿಲ್ಲ ಅಂದರೆ, "ಹೇಳಿದ್ರೆ ಸೀಲ್ ಮಾಡ್ತಾರೆ ಅಂದ್ರು" ಅಂದರು. ದೊಡ್ಡಪ್ಪನ ಖಾತೆಯಲ್ಲಿದ್ದ ದುಡ್ಡಲ್ಲಿ ಮೊದಲೆರಡು ವರ್ಷ ಬಾಡಿಗೆ ಕಟ್ ಆಗಿತ್ತು. ಆಮೇಲೆ ಖಾತೆ ಬರಿದಾಗಿ ಎರಡು ವರ್ಷದ್ದು ಬಾಕಿ ಬಿದ್ದಿತ್ತು. ಮೆಸೇಜೆಲ್ಲ ಅವರ ಹಳೇ ನಂಬರಿಗೆ, ಪತ್ರ ಹಳೇ ಮನೆಗೆ. ಕಾಗದದಲ್ಲಿದ್ದದ್ದು ಎಚ್ಚರಿಕೆ: ಮೂರನೇ ವರ್ಷದ್ದೂ ಬರದಿದ್ದರೆ ಒಡೆಯಬೇಕಾಗುತ್ತದೆ ಅಂತ. ಬ್ಯಾಂಕ್ ತಪ್ಪೇನೂ ಮಾಡಿರಲಿಲ್ಲ. ಅದಕ್ಕೆ ದೊಡ್ಡಪ್ಪ ಇನ್ನೂ ಬದುಕಿದ್ದರು, ಬಾಡಿಗೆ ಮಾತ್ರ ಕಟ್ಟುತ್ತಿರಲಿಲ್ಲ.

ಅದೃಷ್ಟಕ್ಕೆ ನಾಮಿನಿ ಇದ್ದಳು, ದೊಡ್ಡಮ್ಮನ ಮಗಳು. ಇದು ಗೊತ್ತಾಗುತ್ತಿದ್ದ ಹಾಗೆ ಅಣ್ಣನ ಮುಖ ಸಪ್ಪಗಾಯಿತು. "ಹಂಗಾರೆ ಎಲ್ಲಾ ಅಕ್ಕಂದಾ?" ಅಂದ. ಅಲ್ಲ. ನಾಮಿನಿ ಅಂದರೆ ಬ್ಯಾಂಕಿನಿಂದ ತಗೊಳ್ಳೋ ಅಧಿಕಾರ ಇರುವವರು, ಅಷ್ಟೇ. ವಾರಸುದಾರರ ಪರವಾಗಿ ತಗೊಂಡು ಬರುತ್ತಾರೆ, ಯಾರ ಪಾಲು ಎಷ್ಟು ಅನ್ನೋದು ಉತ್ತರಾಧಿಕಾರದ ಕಾನೂನಿನ ಪ್ರಕಾರವೇ. ಇದನ್ನು ಕೇಳಿದ ಮೇಲೆ ಅಣ್ಣ ಟೀ ಕುಡಿದ.

ಬ್ಯಾಂಕಿನಲ್ಲಿ ಬಾಕಿ ಬಾಡಿಗೆ ಕಟ್ಟಿದೆವು. ಮರಣ ಪ್ರಮಾಣಪತ್ರ, ಅಕ್ಕನ ಗುರುತಿನ ಚೀಟಿ, ಕ್ಲೇಮು ಅರ್ಜಿ ಕೊಟ್ಟೆವು. ಕಾಗದ ಸರಿ ಇದ್ದರೆ ಬ್ಯಾಂಕ್ ಹದಿನೈದು ದಿನದೊಳಗೆ ಇತ್ಯರ್ಥ ಮಾಡಬೇಕು, ಹನ್ನೊಂದನೇ ದಿನ ಕರೆದರು. ಲಾಕರ್ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬ ಅಧಿಕಾರಿ, ಇಬ್ಬರು ಸಾಕ್ಷಿಗಳ ಮುಂದೆ ತೆಗೆದು ಪಟ್ಟಿ ಬರೆದರು. ಬಟ್ಟೆಯಲ್ಲಿ ಸುತ್ತಿ ಹೊಲಿದಿದ್ದ ಒಂದು ಗಂಟಿತ್ತು. ಅಧಿಕಾರಿ ಅದನ್ನು ಬಿಚ್ಚಲಿಲ್ಲ. ಮುಚ್ಚಿದ ಗಂಟನ್ನು ಬಿಚ್ಚಿ ನೋಡುವ ಅಗತ್ಯ ಅವರಿಗಿಲ್ಲ, 'ಹೊಲಿದ ಗಂಟು, ಒಂದು' ಅಂತ ಬರೆದುಕೊಂಡರು. ಮನೆಗೆ ಬಂದು ದೊಡ್ಡಮ್ಮನೇ ದಾರ ಕತ್ತರಿಸಿದರು. ಒಳಗೇನಿತ್ತು ಅಂತ ಇಲ್ಲಿ ಬರೆಯಲ್ಲ.

ವಾಪಸ್ ಬಂದು ಅಮ್ಮನ ಲಾಕರ್‌ಗೆ ನನ್ನ ಹೆಸರು ಜಂಟಿಯಾಗಿ ಸೇರಿಸಿದೆವು, 'ಯಾರಾದರೊಬ್ಬರು ಅಥವಾ ಬದುಕುಳಿದವರು' ಅನ್ನೋ ಷರತ್ತಿನಲ್ಲಿ. ತಮ್ಮನನ್ನು ನಾಮಿನಿ ಮಾಡಿದೆವು. 2025ರ ನವೆಂಬರ್‌ನಿಂದ ಲಾಕರ್‌ಗೆ ಒಬ್ಬರ ನಂತರ ಒಬ್ಬರಂತೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ನಮಗೆ ಒಬ್ಬ ಸಾಕಾಯಿತು. ನನ್ನ ಬೆಂಗಳೂರಿನ ವಿಳಾಸ, ಫೋನ್ ನಂಬರ್ ಕೊಟ್ಟೆ. ಒಡವೆಗಳನ್ನು ಒಂದೊಂದಾಗಿ ತೂಕ ಹಾಕಿಸಿ ಫೋಟೋ ತೆಗೆದೆವು.

ಸಂಜೆ ನನ್ನ ಫೋನಿಗೆ ಮೆಸೇಜ್ ಬಂತು, ಇವತ್ತು ನಿಮ್ಮ ಲಾಕರ್ ತೆರೆಯಲಾಗಿದೆ ಅಂತ. ಅಮ್ಮನಿಗೆ ಓದಿ ಹೇಳಿದೆ. "ಗೊತ್ತಲ್ಲ, ನಾವೇ ತೆಗ್ದಿದ್ದು" ಅಂದರು. ಗೊತ್ತು. ಆದರೆ ಇನ್ನು ಮುಂದೆ ಬ್ಯಾಂಕ್ ಏನೇ ಹೇಳಿದರೂ ಕೇಳಿಸಿಕೊಳ್ಳೋಕೆ ಒಬ್ಬರು ಇರುತ್ತಾರೆ.