ಕಳೆದ ಪುಸ್ತಕಗಳ ಲೆಕ್ಕ

ಶಾಲಾ ವಾರ್ಷಿಕೋತ್ಸವದ ಭಾಷಣಗಳಿಗೆ ಒಂದು ಸಿದ್ಧ ಅಚ್ಚಿದೆ. ‘ಇಂದಿನ ಮಕ್ಕಳೇ ನಾಳಿನ ಪ್ರಜೆಗಳು’ ಎಂದು ಶುರುವಾಗಿ, ಟಿವಿಯನ್ನು ಬೈದು, ಪುಸ್ತಕವೇ ಮಿತ್ರ ಎಂದು ಹೇಳಿ, ದಾನಿಗಳಿಗೆ ಶಾಲು ಹೊದಿಸುವಲ್ಲಿಗೆ ಮುಗಿಯುತ್ತದೆ. ಈಗ ಟಿವಿಯ ಜಾಗದಲ್ಲಿ ಮೊಬೈಲು ಬಂದಿದೆ, ಉಳಿದದ್ದೆಲ್ಲ ಹಾಗೇ ಇದೆ. ಇಷ್ಟು ವರ್ಷ ಪಾಠ ಹೇಳಿಕೊಂಡು ಬಂದ ನಾನು ಇಂಥ ಎಷ್ಟೋ ಭಾಷಣಗಳನ್ನು ಕೇಳಿದ್ದೇನೆ, ಒಂದೆರಡನ್ನು ಮಾಡಿಯೂ ಇದ್ದೇನೆ. ಆದರೆ 2009ರ ಜನವರಿಯಲ್ಲಿ, ಹಾಸನದ ಕಡೆಯ ನಮ್ಮ ಹಳ್ಳಿಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ ಮಾತ್ರ ಬೇರೆಯ ಜಾತಿಯದು. ಅವರನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು. ಆ ಸಂಜೆ ಅವರು ಓದುವ ಅಭ್ಯಾಸದ ಬಗ್ಗೆ ಮಾತನಾಡುತ್ತೇನೆಂದು ಹೇಳಿ, ಕೈಯಲ್ಲಿದ್ದ ಚೀಟಿ ನೋಡಿ ಲೆಕ್ಕ ಒಪ್ಪಿಸಲು ತೊಡಗಿದರು.

“ನಮ್ಮ ಶಾಲೆಯಲ್ಲಿ 386 ಕಥೆಪುಸ್ತಕಗಳಿವೆ. ಜೂನ್ ತಿಂಗಳಿಂದ ಇವತ್ತಿನವರೆಗೆ ಮಕ್ಕಳು ಅವನ್ನು 1,740 ಸಲ ಮನೆಗೆ ಒಯ್ದಿದ್ದಾರೆ. 34 ಪುಸ್ತಕ ಹರಿದಿವೆ. 29 ಕಳೆದಿವೆ.”

ವೇದಿಕೆಯ ಮೇಲಿದ್ದ ಅಧಿಕಾರಿಗಳು ಕತ್ತು ಹೊರಳಿಸಿ ನೋಡಿದರು. ಪರದೆಯ ಹಿಂದೆ ಕಿಂದರಿಜೋಗಿಯ ನಾಟಕಕ್ಕೆ ಇಲಿಬಾಲ ಕಟ್ಟಿಸಿಕೊಂಡು ನಿಂತಿದ್ದ ಮಕ್ಕಳನ್ನು ಸಂಭಾಳಿಸುತ್ತಿದ್ದ ನನಗೂ ಎದೆ ಝಲ್ಲೆಂದಿತು. ಏಕೆಂದರೆ ಪುಸ್ತಕ ಕೊಡುವ ವಹಿ ನನ್ನ ಹತ್ತಿರ ಇರುತ್ತಿತ್ತು.

ಸರ್ಕಾರಿ ಶಾಲೆಯಲ್ಲಿ ಪುಸ್ತಕ ಕಳೆಯುವುದೆಂದರೆ ಏನೆಂದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಪುಸ್ತಕ ಬಂದ ದಿನವೇ ಅದು ದಾಸ್ತಾನು ವಹಿಗೆ ಏರುತ್ತದೆ, ಬೆಂಚು, ಗಡಿಯಾರ, ಭೂಪಟಗಳ ಸಾಲಿನಲ್ಲಿ. ವರ್ಗವಾಗಿ ಹೋಗುವವರು ಬರುವವರಿಗೆ ಚಾರ್ಜು ಕೊಡುವಾಗ ಎಣಿಕೆ ತಾಳೆಯಾಗಬೇಕು. ಕಡಿಮೆ ಬಿದ್ದರೆ ಸಂಬಳದಲ್ಲಿ ಹಿಡಿದಾರೆಂಬ ಭಯ. 1987ರಲ್ಲಿ ಶುರುವಾದ ಕಪ್ಪುಹಲಗೆ ಯೋಜನೆಯ ಕಾಲದಲ್ಲಿ ಹಳ್ಳಿಶಾಲೆಗಳಿಗೂ ಪುಸ್ತಕ, ಆಟದ ಸಾಮಾನು ಬಂದವು. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಅವು ಬೀರುವಿನೊಳಗೆ ಹೊಕ್ಕವು ಹೊರಗೆ ಬರಲೇ ಇಲ್ಲ. ಬೀರುವಿನ ಕೀಲಿಕೈ ಸೋಂಬೇರಿತನದಿಂದ ಸೊಂಟದಲ್ಲಿ ಉಳಿದದ್ದಲ್ಲ, ಭಯದಿಂದ ಉಳಿದದ್ದು. ದೊಡ್ಡ ಮೇಡಂ ನಮ್ಮ ಶಾಲೆಗೆ ಬರುವ ಹಿಂದಿನ ವರ್ಷದ ವಹಿಯಲ್ಲಿ ಹನ್ನೊಂದೇ ನಮೂದುಗಳಿದ್ದವು. ಅದರಲ್ಲಿ ಒಂಬತ್ತು ನಾವು ಟೀಚರುಗಳು ಒಯ್ದದ್ದು!

ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದವರು, 1972ರಲ್ಲಿ ಅಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದನ್ನೇ ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಇಟ್ಟರು. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದುದನ್ನು ಅದೇ ಸೂತ್ರದ ವಿವರಣೆಯಲ್ಲಿ ಹೇಳುತ್ತಾರೆ. ಅವರ ಜನ್ಮದಿನವಾದ ಆಗಸ್ಟ್ 12ರಂದು ಫೋಟೋಕ್ಕೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಬೀರುವಿಗೆ ಮತ್ತೆ ಬೀಗ ಜಡಿದದ್ದನ್ನು ನಾನೇ ಕಂಡಿದ್ದೇನೆ. ದೊಡ್ಡ ಮೇಡಂ ಭಾಷಣದಲ್ಲಿ ಈ ಮಾತು ಎತ್ತಿದಾಗ ಕೆಳಗೆ ಕೂತ ಮೇಷ್ಟರುಗಳು ನೆಲ ನೋಡಿದರು.

ಮುಂದೆ ಅವರು ಏನು ಮಾಡಿದೆವೆಂದು ಒಂದೊಂದಾಗಿ ಹೇಳಿದರು. ಮೊದಲ ಕೆಲಸ, ಪುಸ್ತಕಗಳ ಬಟ್ಟೆ ಬಿಚ್ಚಿದ್ದು. ಬಾಳಿಕೆ ಬರಲೆಂದು ಹಿಂದಿನವರು ಎಲ್ಲಕ್ಕೂ ಕಂದು ಕಾಗದದ ರಟ್ಟು ಹಾಕಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ ನಂಬರು ಬರೆದಿದ್ದರು. ಆನೆಯ ಕಥೆಯೂ ನಕ್ಷತ್ರಗಳ ವಿಷಯವೂ ಒಂದೇ ಮುಖ. ಮಗು ಯಾವುದನ್ನು ನೋಡಿ ಕೈ ಚಾಚಬೇಕು? ಇನ್ನೊಂದು ತೊಡಕು, ಮಕ್ಕಳ ಪುಸ್ತಕಗಳು ತೆಳ್ಳಗೆ, ಹದಿನಾರು ಇಪ್ಪತ್ತನಾಲ್ಕು ಪುಟ, ಪಿನ್ನು ಹೊಡೆದವು. ಅವಕ್ಕೆ ಹೆಸರು ಬರೆಯುವಷ್ಟು ಬೆನ್ನೇ ಇಲ್ಲ. ನಿಲ್ಲಿಸಿಟ್ಟರೆ ಬರೀ ಕಾಗದದ ಅಂಚು ಕಾಣುತ್ತದೆ. ಹಾಗಾಗಿ ತರಗತಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ, ಮೂರನೇ ಕ್ಲಾಸಿನ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ನೈಲಾನು ಹಗ್ಗ ಕಟ್ಟಿದೆವು. ಬಟ್ಟೆ ಒಣಹಾಕಿದಂತೆ ಪುಸ್ತಕಗಳನ್ನು ನಡುವೆ ತೆರೆದು ನೇತುಹಾಕಿದೆವು, ಮುಖಪುಟ ಹೊರಗೆ ಕಾಣುವ ಹಾಗೆ. ಒಂದು ಕೋಣೆಗೆ ನಲವತ್ತೇ ಪುಸ್ತಕ, ತಿಂಗಳಿಗೊಮ್ಮೆ ಪಕ್ಕದ ಕೋಣೆಯದರ ಜತೆ ಅದಲುಬದಲು.

ಎರಡನೆಯದು ಹೊತ್ತು. ಮಧ್ಯಾಹ್ನ ಊಟದ ಗಂಟೆ ಮುಗಿದ ಮೇಲೆ ದಿನಾಲೂ ಇಪ್ಪತ್ತು ನಿಮಿಷ. ವಾರಕ್ಕೊಂದು ಪೀರಿಯಡ್ ಅಲ್ಲ, ಅದು ಮಳೆ, ಸಭೆ, ಜಯಂತಿಗಳಲ್ಲಿ ಹಾರಿಹೋಗುತ್ತದೆ. ಆ ಇಪ್ಪತ್ತು ನಿಮಿಷ ಟೀಚರೂ ಓದಬೇಕು, ನೋಟ್ಸು ತಿದ್ದಕೂಡದು. ಮೊದಲ ಎರಡು ವಾರ ಸಂತೆ. ಪುಸ್ತಕ ಕಿತ್ತಾಡುವುದು, ಐದು ನಿಮಿಷಕ್ಕೊಮ್ಮೆ ಎದ್ದು ಬದಲಾಯಿಸುವುದು. ದೊಡ್ಡ ಮೇಡಂ ತಡೆಯಬೇಡಿ ಎಂದರು. ಬೇಡವಾದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕು ದೊಡ್ಡವರಾದ ನಮಗಿದೆ, ಮಕ್ಕಳಿಗೆ ಏಕಿಲ್ಲ ಎಂಬುದು ಅವರ ವಾದ. ಮೂರನೇ ವಾರದ ಹೊತ್ತಿಗೆ ಗದ್ದಲ ತಾನಾಗಿ ಇಳಿಯಿತು. ಕಥೆಯ ನೀತಿ ಏನೆಂದು ಕೇಳುವುದನ್ನೂ, ಸಾರಾಂಶ ಬರೆಸುವುದನ್ನೂ ಅವರು ಪೂರ್ತಿ ನಿಲ್ಲಿಸಿದ್ದರು. ಬರೆಸಲು ಶುರುಮಾಡಿದರೆ ಮಕ್ಕಳು ಎಲ್ಲಕ್ಕಿಂತ ಚಿಕ್ಕ ಪುಸ್ತಕವನ್ನೇ ಹುಡುಕುತ್ತಾರೆ, ಅದು ನಮ್ಮೆಲ್ಲರ ಅನುಭವ.

ಪುಸ್ತಕ ತನ್ನ ಮಟ್ಟದ್ದೇ ಎಂದು ಮಗು ತಿಳಿಯುವುದು ಹೇಗೆ? ಇದಕ್ಕೆ ಹೊರದೇಶದ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬೆರಳೆಣಿಕೆಯ ಉಪಾಯವನ್ನು ಅವರು ತಂದರು. ನಡುವಿನ ಒಂದು ಪುಟ ತೆಗೆದು ಓದಬೇಕು, ಗೊತ್ತಾಗದ ಒಂದೊಂದು ಪದಕ್ಕೂ ಒಂದೊಂದು ಬೆರಳು ಮಡಚಬೇಕು. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಪುಸ್ತಕವನ್ನು ವಾಪಸು ಹಗ್ಗಕ್ಕೆ ಹಾಕಬೇಕು. ಪುಟಕ್ಕೆ ಎರಡೇ ಸಾಲಿರುವ ಪುಸ್ತಕಕ್ಕೆ ಇದು ನಡೆಯದು. ಗೊತ್ತಿಲ್ಲವೆಂದು ಒಪ್ಪದ ಮಕ್ಕಳಿಗೂ ನಡೆಯದು. ಆರನೇ ಕ್ಲಾಸಿನಲ್ಲಿ ಅಂಥವನೊಬ್ಬನಿದ್ದ, ಸೈಕಲ್ ಶಾಪಿನವರ ಮಗ. ಅವನ ಹೆಸರು ಹೇಳದೆ ದೊಡ್ಡ ಮೇಡಂ ಅವನ ಕಥೆಯನ್ನು ಸಭೆಗೆ ಹೇಳಿದರು.

ಹುಡುಗ ದಪ್ಪ ಪುಸ್ತಕವನ್ನೇ ಹಿಡಿಯುತ್ತಿದ್ದ. ಪುಟಗಳನ್ನು ಒಂದೇ ಲಯದಲ್ಲಿ ತಿರುಗಿಸುತ್ತಿದ್ದ, ಚಿತ್ರವಿರುವ ಪುಟಕ್ಕೂ ಚಿತ್ರವಿಲ್ಲದ ಪುಟಕ್ಕೂ ಅಷ್ಟೇ ಹೊತ್ತು. ಓದುವವನ ಲಯ ಹಾಗಿರುವುದಿಲ್ಲ, ಒಂದು ಕಡೆ ನಿಲ್ಲುತ್ತಾನೆ, ಒಂದು ಕಡೆ ಓಡುತ್ತಾನೆ. ಪಕ್ಕದಲ್ಲಿ ಕೂತು ಮೆಲ್ಲಗೆ ಓದಿಸಿದರೆ ಕಾರಣ ತಿಳಿಯಿತು. ಅಕ್ಷರ, ಕಾಗುಣಿತ ಎಲ್ಲ ಬರುತ್ತಿತ್ತು, ಒತ್ತಕ್ಷರದಲ್ಲಿ ಎಡವುತ್ತಿದ್ದ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಬರೆಯುವುದು ಯಕಾರದ ನಂತರ, ಉಚ್ಚರಿಸುವುದು ಅದಕ್ಕೂ ಮೊದಲು. ಅವನಿಗೆ ಅಲ್ಲೇ ಗಾಡಿ ನಿಲ್ಲುತ್ತಿತ್ತು. ಒಂದು ಪದ ಬಿಡಿಸುವಷ್ಟರಲ್ಲಿ ವಾಕ್ಯದ ಆರಂಭ ಮರೆತುಹೋಗುತ್ತಿತ್ತು. ಹಾಗಿದ್ದಾಗ ಕಥೆ ಎಲ್ಲಿಂದ ಸಿಗಬೇಕು?

ಅವನಿಗೆ ಬೇಕಿದ್ದದ್ದು ಒಂದನೇ ಕ್ಲಾಸಿನವರ ಪುಸ್ತಕ. ಅದನ್ನು ಕೈಯಲ್ಲಿ ಹಿಡಿದರೆ ಗೆಳೆಯರು ನಗುತ್ತಾರೆ. ದೊಡ್ಡ ಮೇಡಂ ಅವನನ್ನು ಕರೆದು, “ಒಂದನೇ ಕ್ಲಾಸಿನ ಮಕ್ಕಳಿಗೆ ಕಥೆ ಓದಿ ಹೇಳೋರು ಯಾರೂ ಇಲ್ಲ ಕಣೋ, ಶನಿವಾರ ನೀನು ಓದ್ತೀಯಾ?” ಎಂದರು. ಪುಟಕ್ಕೊಂದು ಸಾಲಿನ ಹದಿನಾರು ಪುಟದ ಪುಸ್ತಕ. ಅವನು ಅದನ್ನು ಮನೆಗೆ ಒಯ್ದು ಮೂರು ದಿನ ತಾಲೀಮು ಮಾಡಿದ. ಶನಿವಾರ ಚಿಕ್ಕವರು ಒಂದು ಸಲಕ್ಕೆ ಬಿಡಲಿಲ್ಲ, “ಅಣ್ಣ, ಇನ್ನೊಂದ್ಸಲ” ಎಂದು ನಾಲ್ಕು ಸಲ ಓದಿಸಿದರು. ನಾಲ್ಕನೇ ಸಲಕ್ಕೆ ಅವನು ಪುಸ್ತಕ ನೋಡದೆಯೇ ಹುಲಿಯ ದನಿ ಮಾಡುತ್ತಿದ್ದ. ವಾರಕ್ಕೊಂದರಂತೆ ದೀಪಾವಳಿಯ ಹೊತ್ತಿಗೆ ಹನ್ನೆರಡು ಪುಸ್ತಕ ಹೀಗೆ ಓದಿದ. ಆಮೇಲೆ ಒತ್ತಕ್ಷರ ಹೆಚ್ಚಿರುವ ಪುಸ್ತಕ ಕೊಟ್ಟೆವು. ಡಿಸೆಂಬರಿನಲ್ಲಿ ಭಾರತ-ಭಾರತಿ ಮಾಲೆಯ ಪುಟ್ಟ ಜೀವನಚರಿತ್ರೆಯೊಂದನ್ನು ಹತ್ತು ದಿನ ಇಟ್ಟುಕೊಂಡು ಮುಗಿಸಿದ. ಯಾವ ಪುಟದಲ್ಲಿ ನಿಲ್ಲುತ್ತಿದ್ದಾನೆ, ಯಾವುದರಲ್ಲಿ ಓಡುತ್ತಿದ್ದಾನೆ ಎಂಬುದು ಆಗ ದೂರದಿಂದಲೇ ಕಾಣುತ್ತಿತ್ತು. ಎಲ್ಲ ಮಕ್ಕಳಿಗೂ ಹೀಗಾಯಿತೆಂದು ದೊಡ್ಡ ಮೇಡಂ ಹೇಳಲಿಲ್ಲ. ಏಳನೇ ಕ್ಲಾಸಿನ ನಾಲ್ವರಿಗೆ ಇನ್ನೂ ಕಾಗುಣಿತವೇ ಕೂಡಿಬಂದಿಲ್ಲ, ಅವರಿಗೆ ಕಥೆಪುಸ್ತಕದಿಂದ ಮಾತ್ರ ಆಗದು, ಬೇರೆಯಾಗಿ ಕೂರಿಸಿ ಕಲಿಸುತ್ತಿದ್ದೇವೆ ಎಂದು ಹೆತ್ತವರ ಎದುರಿಗೇ ಹೇಳಿದರು. ವಾರ್ಷಿಕೋತ್ಸವದಲ್ಲಿ ಇಂಥ ಮಾತು ಆಡುವವರನ್ನು ನಾನು ಬೇರೆ ಕಂಡಿಲ್ಲ.

ಆಮೇಲೆ ಜಮಖಾನೆಯ ಮೇಲೆ ಕೂತಿದ್ದ ತಾಯಂದಿರ ಕಡೆ ತಿರುಗಿದರು. ರೊಟ್ಟಿ ತಟ್ಟುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಓದಿಸಿ, ಅಷ್ಟೇ ಸಾಕು ಎಂದರು. ಹೆಣ್ಣುಮಕ್ಕಳನ್ನು ಆ ಹತ್ತು ನಿಮಿಷ ನೀರು ತಾ, ಕೂಸು ಹಿಡಿ ಎನ್ನದೆ ಬಿಡಿ ಎಂದೂ ಸೇರಿಸಿದರು. ಅಲ್ಲೇ ಒಬ್ಬಾಕೆ ಎದ್ದು ನಿಂತು ಕೇಳಿದಳು: “ನಮಗೆ ಅಕ್ಷರ ಬರಾಕಿಲ್ಲ ಮೇಡಮ್ಮೋರೆ, ತಪ್ಪು ಓದಿದ್ರೆ ಹೆಂಗೆ ಗೊತ್ತಾಗ್ತದೆ?”

“ಗೊತ್ತಾಗಬೇಕಿಲ್ಲ ಕಣಮ್ಮ. ಕಥೆ ತಿಳೀದೆ ಹೋದ ಕಡೆ ‘ಏನಂದೆ? ಇನ್ನೊಂದ್ಸಲ ಹೇಳು’ ಅನ್ನು. ತಿರುಗಿ ಓದುವಾಗ ಮಗೂನೇ ತಿದ್ದಿಕೊಳ್ಳುತ್ತೆ. ನಮ್ಮ ಹಾಗೆ ನಡುನಡುವೆ ತಿದ್ದುವವರಿಗಿಂತ ನೀನೇ ವಾಸಿ.”

ಕೊನೆಗೆ ಅವರು ಮತ್ತೆ 29ಕ್ಕೆ ಬಂದರು. “ದಾಸ್ತಾನು ನನ್ನ ಜವಾಬ್ದಾರಿ. ನನ್ನ ಟೀಚರುಗಳನ್ನು ಯಾರೂ ಕೇಳುವಂತಿಲ್ಲ. ಹಿಂದಿನ ವರ್ಷ ಒಂದೂ ಕಳೆದಿರಲಿಲ್ಲ, ಏಕೆಂದರೆ ಒಂದನ್ನೂ ಕೊಟ್ಟಿರಲಿಲ್ಲ. ಯಾರ ಮನೆಯಲ್ಲಾದರೂ ಸಿಕ್ಕಿದರೆ ತಂದು ಹಗ್ಗಕ್ಕೆ ಹಾಕಿ, ನಾವು ಹೆಸರು ಕೇಳುವುದಿಲ್ಲ.” ಚಪ್ಪಾಳೆಗೆ ಕಾಯದೆ ಕೂತರು. ಅಧಿಕಾರಿಗಳು ತಮ್ಮ ಮಾತಿನಲ್ಲಿ ಪುಸ್ತಕವೇ ಮಿತ್ರ ಎಂದರು, ಹೋಗುವಾಗ ಲಿಖಿತ ವಿವರಣೆ ಕೇಳಿ ಹೋದರು. ವಿವರಣೆಗೆ ವಹಿಯ ನಕಲನ್ನೇ ಲಗತ್ತಿಸಿ ಕಳಿಸಿದೆವು. ಅದಕ್ಕೆ ಉತ್ತರ ಬರಲಿಲ್ಲ.

ಆ ತಿಂಗಳಲ್ಲಿ ಹದಿಮೂರು ಪುಸ್ತಕಗಳು ತಾವಾಗಿ ಹಗ್ಗಕ್ಕೆ ಬಂದವು. ಒಂದರ ತುಂಬ ಅರಿಸಿನದ ಬೆರಳಗುರುತು, ಇನ್ನೊಂದರಲ್ಲಿ ಯಾರೋ ಹಾಲಿನ ಲೆಕ್ಕ ಬರೆದಿದ್ದರು. ಮೂರು ಪುಸ್ತಕ ಪಕ್ಕದೂರಿನ ಹುಡುಗಿಯರ ಕೈ ಸೇರಿದ್ದು ತಿಳಿಯಿತು, ಅವನ್ನು ಕೇಳಲು ಹೋಗಲಿಲ್ಲ. ಸೈಕಲ್ ಶಾಪಿನ ಹುಡುಗ ಮೊದಲು ಓದಿದ್ದ ಹುಲಿಯ ಪುಸ್ತಕ ಮಾತ್ರ ಎರಡು ಹಾಳೆಯಾಗಿ ಸಿಕ್ಕಿತು, ಪಿನ್ನೂ ಇರಲಿಲ್ಲ. ಅದನ್ನು ದಾಸ್ತಾನಿನಿಂದ ತೆಗೆಯುವಾಗ ಷರಾ ಏನು ಬರೆಯಲಿ ಎಂದು ಕೇಳಿದೆ. ‘ಶಿಥಿಲಗೊಂಡಿದೆ’ ಎನ್ನುವುದು ಇಲಾಖೆಯ ವಾಡಿಕೆ. ದೊಡ್ಡ ಮೇಡಂ ಪೆನ್ನು ಇಸಿದುಕೊಂಡು, ‘ಓದಿ ಹರಿದದ್ದು’ ಎಂದು ಬರೆದು ಸಹಿ ಹಾಕಿದರು.