ಗುರುಗಳ ತಪ್ಪಿನ ಪುಸ್ತಕ

ನಮ್ಮ ಗುರುಗಳಿಗೆ ಎಪ್ಪತ್ತು ತುಂಬಿದ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಗಿನ ಸಿದ್ದಾಪುರದಲ್ಲಿ ಒಂದು ಸಣ್ಣ ಸಮಾರಂಭವನ್ನು ಏರ್ಪಡಿಸಿದ್ದೆವು. ಹಾರ, ಶಾಲು, ಫಲತಾಂಬೂಲಗಳ ಅರ್ಪಣೆಯಾದ ಮೇಲೆ ಶಿಷ್ಯರ ಪರವಾಗಿ ಮಾತನಾಡುವ ಭಾಗ್ಯ ನನ್ನದಾಯಿತು. ಬರೆದುಕೊಂಡು ಹೋಗಿದ್ದ ಭಾಷಣವನ್ನು ಜೇಬಿನಲ್ಲಿಯೇ ಉಳಿಸಿ, ನಾನು ಅವರಿಂದ ತಿಂದ ಒಂದು ಏಟಿನ ಕಥೆಯನ್ನು ಹೇಳಿದೆ.

ಸಿದ್ದಾಪುರವನ್ನು ಬಲ್ಲವರಿಗೆ ಅಲ್ಲಿಯ ತರಗತಿಯೊಂದು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಒಂದೇ ಬೆಂಚಿನಲ್ಲಿ ಮಲಯಾಳ, ತಮಿಳು, ಕೊಡವ, ಯರವ ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ನಾನು ಕಾಫಿ ತೋಟದ ಲೈನ್ ಮನೆಯ ತಮಿಳು ಹುಡುಗ. ಗುರುಗಳಾದರೋ ಶನಿವಾರಸಂತೆಯ ಕಡೆಯವರು. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಮಾಸುವ ಮುನ್ನವೇ ಶಾಲೆಯಲ್ಲಿರುತ್ತಿದ್ದರು.

1986ರ ಜನವರಿ. ನಾನಾಗ ಐದನೆಯ ತರಗತಿ. ಉಕ್ತಲೇಖನದಲ್ಲಿ ಗುರುಗಳು ಗಿಡ, ದನ, ಮಾತು, ಅಕ್ಕ, ತಂದೆ, ಬೆಟ್ಟ ಎಂದು ಹೇಳಿದರು. ನಾನು ಬರೆದದ್ದು ಕಿಡ, ತನ, ಮಾದು, ಅಕ್ಕ, ತಂದೆ, ಪೆಟ್ಟ. ಬೆಟ್ಟವನ್ನು ಪೆಟ್ಟ ಮಾಡಿದವನಿಗೆ ಪೆಟ್ಟೇ ಸಿಕ್ಕಿತು. ನಿನ್ನೆ ತಿದ್ದಿದ್ದನ್ನೇ ಇಂದು ಮತ್ತೆ ತಪ್ಪು ಬರೆದೆನಲ್ಲಾ ಎಂಬುದು ಅವರ ಸಿಟ್ಟು. ಅದು ರೊಬಸ್ಟಾ ಹಣ್ಣು ಕೊಯ್ಯುವ ಕಾಲ. ಮರುದಿನದಿಂದ ನಾನು ಶಾಲೆಗೆ ಹೋಗದೆ ಅಮ್ಮನ ಜೊತೆ ತೋಟಕ್ಕೆ ನಡೆದೆ. ಉದುರಿದ ಹಣ್ಣು ಆರಿಸಿ ಅಮ್ಮನ ಚೀಲಕ್ಕೆ ಹಾಕಿದರೆ ಸಂಜೆಯ ತೂಕ ಸ್ವಲ್ಪ ಏರುತ್ತಿತ್ತು. ಅಮ್ಮನಿಗೂ ಅದೇ ಸರಿ ಎನಿಸಿತು. ಆ ಹಾದಿಯಲ್ಲಿ ಹೋದ ನನ್ನ ಓರಗೆಯವರು ಹಲವರು ಹಿಂದಿರುಗಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಗುರುಗಳು ಲೈನ್ ಮನೆಗೆ ಬಂದರು. ಅಮ್ಮ ಗಾಬರಿಯಿಂದ, "ತೇವರಾಣೆ ಸಾರ್, ಪುತ್ತಿ ಹೇಳಿ ಕಳಿಸ್ತೀನಿ" ಎಂದಳು. ಗುರುಗಳು ಸುಮ್ಮನೆ ನಿಂತುಬಿಟ್ಟರು. ದೇವರು ತೇವರಾಗಿತ್ತು, ಬುದ್ಧಿ ಪುತ್ತಿಯಾಗಿತ್ತು. ನನ್ನ ಕಾಗದದ ಮೇಲಿದ್ದ ತಪ್ಪು ಅಲ್ಲಿ ಅಮ್ಮನ ನಾಲಗೆಯ ಮೇಲಿತ್ತು.

ಅಂದಿನಿಂದ ಅವರು ಒಂದು ದಪ್ಪ ಪುಸ್ತಕದಲ್ಲಿ ನಮ್ಮ ತಪ್ಪುಗಳನ್ನು ಬರೆದಿಡತೊಡಗಿದರು. ಕೆಲವೇ ವಾರಗಳಲ್ಲಿ ಅವರಿಗೆ ಗುಟ್ಟು ತಿಳಿಯಿತು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದಗಳಿಗೂ ಪ, ಬಗಳಿಗೂ ಹಾಗೆಯೇ. ತಮಿಳು ನಾಲಗೆ ಪದದ ಮೊದಲಲ್ಲಿ ಕ ಎನ್ನುತ್ತದೆ, ಎರಡು ಸ್ವರಗಳ ನಡುವೆ ತಾನಾಗಿ ಗ ಎನ್ನುತ್ತದೆ. ಆದ್ದರಿಂದಲೇ ಗಿಡ ಕಿಡವಾಯಿತು, ಮಾತು ಮಾದುವಾಯಿತು. ಒತ್ತಕ್ಷರದ ಅಕ್ಕನಾಗಲಿ, ಅನುಸ್ವಾರದ ತಂದೆಯಾಗಲಿ ಕೆಡಲೇ ಇಲ್ಲ. ನಾನು ಮನಸ್ಸಿಗೆ ಬಂದಂತೆ ಗೀಚಿದವನಲ್ಲ, ನನಗರಿಯದ ಒಂದು ನಿಯಮವನ್ನು ಪಾಲಿಸಿದವನು!

ಮದ್ದನ್ನೂ ಅವರು ಅಲ್ಲಿಂದಲೇ ತೆಗೆದರು. 'ಗಿಡ' ಬಾರದವನಿಗೆ 'ಆಗಿಡ' ಎಂದು ಒಂದೇ ಉಸಿರಿನಲ್ಲಿ ಹೇಳಿಸುವರು. ನಡುವೆ ಬಂದ ಗಕಾರ ನಮಗೆ ಸುಲಭ. ಹತ್ತು ಸಲ ಹೇಳಿದ ಮೇಲೆ 'ಆ'ಕಾರವನ್ನು ಮೆಲ್ಲಗೆ ಆಡಿಸಿ, ಆಮೇಲೆ ಮನಸ್ಸಿನಲ್ಲಷ್ಟೇ ಹೇಳಿಸಿ, ಕೊನೆಗೆ ಬಿಡಿಸುವರು. 'ಮಾತು' ಬಾರದವನಿಗೆ ಮೊದಲು 'ಮಾತ್ತು' ಎಂದು ಒತ್ತಿ ಹೇಳಿಸಿ, ಒತ್ತನ್ನು ಸಡಿಲಿಸುವರು. ಕಿವಿಗೆ ವ್ಯತ್ಯಾಸ ತಿಳಿಯದಿದ್ದರೆ ಗಂಟಲ ಮೇಲೆ ಬೆರಳಿಡಿಸುತ್ತಿದ್ದರು. 'ಅಗಾ' ಎಂದಾಗ ಅದುರು ಕಡಿಯುವುದಿಲ್ಲ, 'ಅಕಾ' ಎಂದಾಗ ಕ್ಷಣಮಾತ್ರ ನಿಲ್ಲುತ್ತದೆ. ಬಾಯಿಗೆ ಬಂದ ಮೇಲೆಯೇ ಉಕ್ತಲೇಖನ. ಮಹಾಪ್ರಾಣದ ಗೊಡವೆಗೆ ಆ ವರ್ಷ ಅವರು ಹೋಗಲಿಲ್ಲ. "ಅದು ಕನ್ನಡದ ಮನೆಯ ಮಕ್ಕಳಿಗೂ ಬಾರದು, ನಿಮಗೇನು ಅವಸರ" ಎನ್ನುತ್ತಿದ್ದರು. ಈ ಮದ್ದು ಮಲಯಾಳದ ಮಕ್ಕಳಿಗೆ ನಾಟುತ್ತಿರಲಿಲ್ಲ. ಅವರ ಲಿಪಿಯಲ್ಲಿ ಈ ಅಕ್ಷರಗಳೆಲ್ಲ ಬೇರೆಬೇರೆಯಾಗಿಯೇ ಇವೆ. ಅವರ ತಪ್ಪುಗಳಿಗೆ ಪುಸ್ತಕದಲ್ಲಿ ಬೇರೆ ಪುಟಗಳಿದ್ದವು.

ಇಂದು ನಾನೂ ಕನ್ನಡ ಕಲಿಸಿ ಜೀವನ ಸಾಗಿಸುವವನು. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಗುರುಗಳು ಕೈಚೀಲದಿಂದ ಆ ಪುಸ್ತಕವನ್ನೇ ತೆಗೆದರು. ಕರಡಿಗೋಡಿನ ನನ್ನ ಸಹಪಾಠಿ ಮುಂದೆ ಬಂದು ತನ್ನ ಪುಟವನ್ನು ಬಹಳ ಹೊತ್ತು ನೋಡಿದ. 2019ರ ಆಗಸ್ಟಿನ ಕಾವೇರಿ ಪ್ರವಾಹದಲ್ಲಿ ಮನೆಯೊಂದಿಗೆ ಅವನ ಶಾಲೆಯ ಕಾಗದಗಳೆಲ್ಲ ಹೋಗಿದ್ದವು. ಅವನ ಬಾಲ್ಯದ ಬರಹ ಉಳಿದದ್ದು ಅಲ್ಲಿ ಮಾತ್ರ, ಅದೂ ತಪ್ಪುಗಳ ರೂಪದಲ್ಲಿ. ನನ್ನ ಪುಟದ ಅಂಚಿನಲ್ಲಿ ಕೆಂಪು ಶಾಯಿಯ ಒಂದು ಸಾಲಿತ್ತು: "ಇವನಿಗೆ ಹೊಡೆದೆ. ತಪ್ಪು ನನ್ನದು."

ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಮ್ಮನನ್ನು ಕೈಹಿಡಿದು ವೇದಿಕೆಗೆ ಕರೆತಂದೆ. ಆಕೆ ಕೈಮುಗಿದು, "ಸೆನ್ನಾಗಿದ್ದೀರಾ ಸಾರ್?" ಎಂದಳು.

ಗುರುಗಳು ಎದ್ದು ನಿಂತು ಕೈಜೋಡಿಸಿದರು. "ಸೆನ್ನಾಗಿದ್ದೀನಿ ತಾಯಿ" ಎಂದರು.